ಭಾನುವಾರ ಮಧ್ಯಾಹ್ನ ಕೊಟ್ಟ ಪ್ರಶ್ನೆಗಳು

ಮಡಿಕೇರಿಯಲ್ಲಿ ನಮ್ಮದು 14 ಟೇಬಲ್‌ನ ಹೋಟೆಲ್. ಮೊದಲ ಸಲ ಫ್ಲೋರ್ ಸೂಪರ್‌ವೈಸರ್ ಹುಡುಕಿದಾಗ ‘ಅನುಭವ ಇರುವ, ಚುರುಕಾದ ವ್ಯಕ್ತಿ ಬೇಕು’ ಅಂತ ಹಾಕಿದ್ದೆ. ಬಂದವರು ಚೆನ್ನಾಗಿ ಮಾತಾಡಿದರು, ಸೇರಿಸಿಕೊಂಡೆ. ಭಾನುವಾರದ ರಶ್‌ನಲ್ಲಿ ಅವರು ಕ್ಯಾಶ್ ಕೌಂಟರ್ ಬಿಟ್ಟು ಕದಲಲಿಲ್ಲ. ಎಲ್ಲಿ ನಿಲ್ಲಬೇಕು ಅಂತ ನಾನೂ ಹೇಳಿರಲಿಲ್ಲ.

ಎರಡನೇ ಸಲ ಬರೆಯುವ ಮುಂಚೆ ಒಂದು ಭಾನುವಾರ ಹನ್ನೆರಡೂವರೆಯಿಂದ ಮೂರೂವರೆವರೆಗೆ ಮೂಲೆಯಲ್ಲಿ ಕೂತೆ. ಸೂಪರ್‌ವೈಸರ್ ಇದ್ದಿದ್ದರೆ ಏನು ಮಾಡಬೇಕಿತ್ತು ಅಂತ ಒಂದೊಂದೇ ಗುರುತು ಹಾಕಿಕೊಂಡೆ. ಆ ಚೀಟಿಯೇ ಕೆಲಸದ ವಿವರ ಆಯಿತು: ಹೊರಗೆ ಕಾಯುವವರ ಹೆಸರು ಬರೆದುಕೊಂಡು ಎಷ್ಟು ಹೊತ್ತಾಗುತ್ತದೆ ಅಂತ ನಿಜ ಹೇಳುವುದು, ಯಾವ ಐಟಂ ಮುಗಿದಿದೆ ಅಂತ ಅಡುಗೆಮನೆಯಲ್ಲಿ ಕೇಳಿ ಸಪ್ಲಯರ್‌ಗಳಿಗೆ ತಿಳಿಸುವುದು, ತಟ್ಟೆ ಹೊರಡುವ ಮುಂಚೆ ಕೆಒಟಿ ಜೊತೆ, ಅಂದರೆ ಅಡುಗೆಮನೆಗೆ ಹೋದ ಆರ್ಡರ್ ಚೀಟಿ ಜೊತೆ, ತಾಳೆ ನೋಡುವುದು. ನನ್ನನ್ನು ಕೇಳದೆ 300 ರೂಪಾಯಿವರೆಗೆ ಬಿಲ್‌ನಲ್ಲಿ ಬಿಡಬಹುದು ಅಂತಲೂ ಬರೆದೆ. ಸಂಬಳ, ಊಟ-ವಸತಿ, ಮಧ್ಯಾಹ್ನ-ರಾತ್ರಿಯ ಎರಡು ಪಾಳಿ, ಮಂಗಳವಾರ ರಜೆ, ಭಾನುವಾರ ರಜೆ ಇಲ್ಲ, ಎಲ್ಲ ಮೊದಲೇ ಹಾಕಿದೆ. ಫೋನ್ ಕರೆಗಳು ಕಡಿಮೆ ಬಂದವು. ಬಂದವರು ಮಾತ್ರ ಎಲ್ಲ ಒಪ್ಪಿಕೊಂಡೇ ಬಂದಿದ್ದರು.

ಸಂದರ್ಶನದಲ್ಲಿ ‘ಒತ್ತಡ ನಿಭಾಯಿಸ್ತೀರಾ?’ ಅಂತ ಕೇಳೋದು ಬಿಟ್ಟೆ. ಯಾರು ಇಲ್ಲ ಅಂತಾರೆ? ಬದಲಿಗೆ ನಮ್ಮಲ್ಲೇ ನಡೆದದ್ದನ್ನು ಎಲ್ಲರ ಮುಂದೂ ಒಂದೇ ಥರ ಇಟ್ಟೆ. ‘ಒಂದೂವರೆ ಗಂಟೆ. ಎಲ್ಲ ಟೇಬಲ್ ಭರ್ತಿ. ಅಣಬೆ ಕರಿ ಹೇಳಿದ ಸಸ್ಯಾಹಾರಿಗೆ ಪಂದಿ ಕರಿ ಹೋಗಿದೆ. ಹೊಸದಕ್ಕೆ 15 ನಿಮಿಷ ಬೇಕು ಅಂತಾರೆ ಅಡುಗೆಯವರು. ಏನು ಮಾಡ್ತೀರಿ?’ ಕಾಚಂಪುಳಿ ಹಾಕಿದ ಮೇಲೆ ನಮ್ಮಲ್ಲಿ ಎರಡೂ ಕಪ್ಪಗೇ ಕಾಣುತ್ತವೆ, ಈ ಎಡವಟ್ಟು ಸುಲಭ.

ಯಾವ ಉತ್ತರಕ್ಕೆ ಎಷ್ಟು ಅಂಕ ಅಂತ ಮೊದಲೇ ಬರೆದಿಟ್ಟಿದ್ದೆ. ತಾನೇ ಟೇಬಲ್‌ಗೆ ಹೋಗಿ ತಟ್ಟೆ ತೆಗೆಸಿದರೆ ಒಂದು. ತಿಂದುಬಿಟ್ಟಿದ್ದಾರಾ ಅಂತ ಕೇಳಿ, ಮುಚ್ಚಿಡದೆ ಹೇಳಿದರೆ ಎರಡು. ಕೊಟ್ಟದ್ದು ಇನ್ನೊಂದು ಟೇಬಲ್‌ನ ಆರ್ಡರ್ ಅಲ್ವಾ, ಆ ಟೇಬಲ್‌ನವರನ್ನೂ ನೆನಪಿಟ್ಟರೆ ಇನ್ನೆರಡು. ಸಪ್ಲಯರ್‌ನನ್ನು ಗಿರಾಕಿಗಳ ಮುಂದೆಯೇ ಬೈಯ್ತೀನಿ ಅಂದರೆ ಸೊನ್ನೆ.

ನಾಲ್ಕು ಜನ ಬಂದರು. ಮೂವರು ‘ಸಾರಿ ಹೇಳಿ ಡಿಸ್ಕೌಂಟ್ ಕೊಡ್ತೀನಿ’ ಅಂದರು. ಕುಶಾಲನಗರದಿಂದ ಬಂದಿದ್ದ ಒಬ್ಬಾಕೆ ಮಾತ್ರ ಎರಡೂ ಟೇಬಲ್ ಸರಿಮಾಡಿ ತಿರುಗಿ ಕೇಳಿದರು: ‘ಸರ್, ನಿಮ್ಮ ಕೆಒಟಿಯಲ್ಲಿ ವೆಜ್ ಅಂತ ಗುರುತು ಇರುತ್ತಾ?’ ಇರಲಿಲ್ಲ. ಅದಕ್ಕೆ ನನ್ನ ಹಾಳೆಯಲ್ಲಿ ಅಂಕವೂ ಇರಲಿಲ್ಲ.

ಆದರೂ ಮಾತು ನಂಬಿ ಒಮ್ಮೆ ಕೆಟ್ಟಿದ್ದೆನಲ್ಲ, ಒಂದು ಭಾನುವಾರ ಕೂಲಿ ಕೊಟ್ಟು ನಿಲ್ಲಿಸಿ ನೋಡಿದೆ. ಎರಡು ಗಂಟೆಗೆ ಕಡಂಬುಟ್ಟು ಮುಗಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಸಪ್ಲಯರ್‌ಗಳಿಗೆಲ್ಲ ಹೇಳಿಯಾಗಿತ್ತು. ಈಗ ನಮ್ಮಲ್ಲಿ ವೆಜ್ ಕೆಒಟಿ ಹಸಿರು ಚೀಟಿಯಲ್ಲಿ ಹೋಗುತ್ತದೆ.