ಚಳಿಯಲ್ಲಿ ಬ್ಯಾಟರಿ ಬೇಗ ಇಳಿದಂತೆ ಕಾಣೋದು ಯಾಕೆ?

ಕೊರೆಯುವ ಚಳಿಯಲ್ಲಿ 40% ಇದ್ದ ಫೋನ್ ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗಬಹುದು. ಒಳಗೆ ಬಂದು ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿದರೆ ಮತ್ತೆ 35% ತೋರಿಸುತ್ತದೆ. ಚಾರ್ಜ್ ಎಲ್ಲೂ ಹೋಗಿರಲ್ಲ. ಚಳಿಗೆ ಲಿಥಿಯಂ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತದೆ. ಕ್ಯಾಮೆರಾ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ. ಫೋನ್ ಅದನ್ನೇ ಬ್ಯಾಟರಿ ಖಾಲಿಯಾಯ್ತು ಅಂತ ತಿಳಿಯುತ್ತದೆ. ಹಳೆಯ ಬ್ಯಾಟರಿಯಲ್ಲಂತೂ ಇದು ಇನ್ನೂ ಜಾಸ್ತಿ.

ಹೊರಗಿದ್ದಾಗ ಫೋನನ್ನು ಒಳಜೇಬಿನಲ್ಲಿ, ಮೈಗೆ ಹತ್ತಿರ ಇಟ್ಟುಕೊಳ್ಳಿ. ಮನೆಗೆ ಬಂದ ಮೇಲೆ ಹೀಟರ್ ಮುಂದೆ ಇಡಬೇಡಿ, ತಾನಾಗಿಯೇ ಬೆಚ್ಚಗಾಗಲಿ. ದಯವಿಟ್ಟು ತಣ್ಣಗಿರುವಾಗಲೇ ಚಾರ್ಜ್‌ಗೆ ಹಾಕಬೇಡಿ. 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡಿದರೆ ಬ್ಯಾಟರಿಯೊಳಗೆ ಲಿಥಿಯಂ ಲೋಹವಾಗಿ ಕೂರಬಹುದು. ಆ ಹಾನಿ ಆಮೇಲೆ ಸರಿಹೋಗುವುದಿಲ್ಲ.