ಪಾಸ್‌ಪೋರ್ಟಿಗೆ ಅರ್ಧ ದಿನ ರಜೆ: ಮೊದಲು ಸ್ಲಾಟ್, ಆಮೇಲೆ ಮೆಸೇಜು

ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಬೇಕಾದವರು ಮೊದಲು ಶುಲ್ಕ ಕಟ್ಟಿ ಅಪಾಯಿಂಟ್‌ಮೆಂಟ್ ತಗೊಳ್ಳಿ, ರಜೆ ಕೇಳೋದು ಆಮೇಲೆ. ಸಾಧ್ಯವಾದರೆ ಬೆಳಗಿನ ಹೊತ್ತಿನದ್ದೇ ಹಿಡಿಯಿರಿ. "ಪರ್ಸನಲ್ ಕೆಲಸ" ಅಂತ ಬರೆಯೋ ಬದಲು ಹೀಗೆ ಕಳಿಸಿ: "ಸರ್, ಗುರುವಾರ 9.45ಕ್ಕೆ ಪಾಸ್‌ಪೋರ್ಟ್ ಅಪಾಯಿಂಟ್‌ಮೆಂಟ್ ಇದೆ. ಫೋಟೋ, ಬೆರಳಚ್ಚು ಕೊಡಬೇಕಿರೋದರಿಂದ ನಾನೇ ಹೋಗಬೇಕು. ಬೆಳಗಿನ ಅರ್ಧ ದಿನ ರಜೆ ಕೊಡಿ, ಊಟದ ನಂತರ ಆಫೀಸಿಗೆ ಬರ್ತೀನಿ. ತಡವಾಗೋ ಹಾಗಿದ್ರೆ 12ಕ್ಕೇ ತಿಳಿಸ್ತೀನಿ." ಜೊತೆಗೆ ರಸೀದಿಯ ಸ್ಕ್ರೀನ್‌ಶಾಟ್, ಆದರೆ ಅರ್ಜಿಯ ನಂಬರ್, ಜನ್ಮದಿನಾಂಕ ಮರೆಮಾಡಿ, ಅದು ಮ್ಯಾನೇಜರ್‌ಗೆ ಬೇಕಿಲ್ಲ. ಅಪಾಯಿಂಟ್‌ಮೆಂಟ್ ಗುರುವಾರಕ್ಕೇ ನಿಗದಿಯಾಗಿದೆ ಅಂತ ಕಣ್ಣಿಗೆ ಕಂಡರೆ "ಶನಿವಾರ ಹೋಗಬಾರದಾ?" ಅನ್ನೋ ಮಾತೇ ಬರಲ್ಲ. ಬೆಳಗ್ಗೆಯೇ ಯಾಕೆ ಅಂದರೆ, ಒಳಗೆ ಎ, ಬಿ, ಸಿ ಅಂತ ಮೂರು ಕೌಂಟರ್ ದಾಟಬೇಕು. ಹೊತ್ತು ಏರಿದ ಹಾಗೆ ಟೋಕನ್ ಹಿಂದೆ ಬೀಳುತ್ತೆ, ಮಧ್ಯಾಹ್ನದ ಸ್ಲಾಟ್ ಸಂಜೆಗೆ ಎಳೆಯಬಹುದು. ಈ ಅರ್ಧ ದಿನದ ಲೆಕ್ಕ ಕೈಕೊಡೋದು ದಾಖಲೆ ತಾಳೆಯಾಗದಿದ್ದಾಗ: ಆಧಾರ್‌ನಲ್ಲಿ ಹಳೇ ವಿಳಾಸ, ಅರ್ಜಿಯಲ್ಲಿ ಹೊಸದು ಇದ್ದರೆ ಫೈಲ್ ತಡೆಹಿಡಿದು ಇನ್ನೊಮ್ಮೆ ಕರೆಸಬಹುದು, ಆಗ ಇನ್ನೊಂದು ರಜೆ ಹೋದಂತೆಯೇ. ತತ್ಕಾಲ್‌ನವರಿಗೂ ಸಿಕ್ಕ ಸಮಯವೇ ಗತಿ. ಅದು ಮಧ್ಯಾಹ್ನದ್ದಾದರೆ ಎರಡನೇ ಅರ್ಧವನ್ನೇ ಕೇಳಿ. ಹೊರಬರುವಾಗ ಕೊಡೋ ಸ್ವೀಕೃತಿ ಪತ್ರ ಎಸೆಯಬೇಡಿ, ಎಚ್‌ಆರ್ ಕೇಳಿದರೆ ಅದೇ ಸಾಕ್ಷಿ.