ಬಂಡವಾಳ ಬಂದ ಸುದ್ದಿಗೆ ಅಡಿಬರಹ ಬರೆದ ಬಗೆ

ಶಿರಸಿ ಸೀಮೆಯಲ್ಲಿ, ಸಿಪ್ಪೆಯನ್ನು ಹುಳಿಗೆ ಬಳಸುವ ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ ಆ ದಿನಗಳಲ್ಲಿ ಸಿಪ್ಪೆಯನ್ನು ಸೌದೆಯ ಒಲೆಯ ಮೇಲೆಯೇ ಒಣಗಿಸಬೇಕಾಗುತ್ತದೆ. ಕಡಿಮೆ ಸೌದೆಯಲ್ಲಿ, ಹೊಗೆ ತಾಗದಂತೆ ಒಣಗಿಸುವ ಡ್ರೈಯರ್ ತಯಾರಿಸುವುದು, ಊರಿನ ಕುಟುಂಬಗಳಿಂದ ಸಿಪ್ಪೆ ಕೊಳ್ಳುವುದು ನಮ್ಮ ಸಣ್ಣ ಕಂಪನಿಯ ಕೆಲಸ. ನಾಲ್ವರು ಹೂಡಿಕೆದಾರರು ನಮ್ಮಲ್ಲಿ ಹಣ ತೊಡಗಿಸಿದಾಗ, ಸಾಮಾಜಿಕ ಜಾಲತಾಣದಲ್ಲಿ ಹಾಕುವ ಆ ಸುದ್ದಿಯ ಚಿತ್ರಕ್ಕೆ ಅಡಿಬರಹ ಬರೆಯುವ ಹೊಣೆ ನನಗೆ ಬಂತು.

ಬರೆಯುವುದಕ್ಕಿಂತ ಮೊದಲು ನಿರ್ಧರಿಸಬೇಕಾದದ್ದು ಪ್ರಕಟಿಸುವ ದಿನ. ಆಯ್ದ ಕೆಲವರಿಗಷ್ಟೇ ಷೇರು ನೀಡುವ ಪ್ರೈವೇಟ್ ಪ್ಲೇಸ್‌ಮೆಂಟಿಗೆ 2013ರ ಕಂಪನಿ ಕಾಯಿದೆಯ 42ನೆಯ ಕಲಮು ಅನ್ವಯಿಸುತ್ತದೆ. ಅಂಥ ನೀಡಿಕೆಯ ವಿಷಯವನ್ನು ಜಾಹೀರಾತಿನ ಮೂಲಕವಾಗಲಿ, ಮಾಧ್ಯಮದ ಮೂಲಕವಾಗಲಿ ಸಾರ್ವಜನಿಕರಿಗೆ ತಿಳಿಸುವಂತಿಲ್ಲ. ಷೇರು ಹಂಚಿದ 15 ದಿನಗಳೊಳಗೆ, ಹಂಚಿಕೆಯ ವಿವರ ನೀಡುವ PAS-3 ನಮೂನೆಯನ್ನು ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು, ಅದನ್ನು ಸಲ್ಲಿಸುವವರೆಗೆ ಬಂದ ಹಣವನ್ನು ಮುಟ್ಟುವಂತಿಲ್ಲ. ಆದ್ದರಿಂದ ನಮ್ಮ ಕಂಪನಿ ಕಾರ್ಯದರ್ಶಿಯವರು ನಮೂನೆ ಸಲ್ಲಿಸಿದ ರಸೀದಿಯನ್ನು ಕಳುಹಿಸಿದ ಮೇಲೆಯೇ ನಾನು ಪೆನ್ನು ಹಿಡಿದೆ. ‘ಇನ್ನೂ ಸ್ವಲ್ಪ ಅವಕಾಶವಿದೆ, ಆಸಕ್ತರು ಸಂಪರ್ಕಿಸಿ’ ಎಂಬ ಸಾಲನ್ನು ಗೆಳೆಯರೊಬ್ಬರು ಸೂಚಿಸಿದ್ದರು. ಅದು ಹೂಡಿಕೆಗೆ ನೀಡಿದ ಬಹಿರಂಗ ಕರೆಯಾಗುತ್ತದೆ ಎಂದು ಅದನ್ನು ಕೈಬಿಟ್ಟೆವು.

ಎರಡನೆಯದು ಮೊತ್ತ. ಒಪ್ಪಂದದ ಪ್ರಕಾರ ಒಟ್ಟು 60 ಲಕ್ಷ ರೂಪಾಯಿ. ಅದರಲ್ಲಿ ಖಾತೆಗೆ ಬಂದದ್ದು 40 ಲಕ್ಷ, ಉಳಿದ 20 ಲಕ್ಷ ಬರುವುದು ಒಂದು ಮಳೆಗಾಲ ಡ್ರೈಯರ್‌ಗಳು ನಡೆದು, ಹೂಡಿಕೆದಾರರು ಅವುಗಳ ಕೆಲಸವನ್ನು ಒಪ್ಪಿದ ಮೇಲೆ. ದೊಡ್ಡ ಸಂಖ್ಯೆಯನ್ನೇ ಹಾಕಿದರೆ ತಪ್ಪೇನು ಎಂದು ಕೇಳಿದವರಿದ್ದರು. ಬಾರದ ಹಣವನ್ನು ಬಂದಿದೆ ಎಂದು ಬರೆದರೆ, ಬಿಡಿಭಾಗ ಕೊಡುವ ಹುಬ್ಬಳ್ಳಿಯ ವ್ಯಾಪಾರಿಯೂ ನಮ್ಮ ಕೆಲಸಗಾರರೂ ಅದನ್ನೇ ನಂಬಿ ಲೆಕ್ಕ ಹಾಕುತ್ತಾರೆ ಎಂಬುದು ನನ್ನ ಉತ್ತರವಾಗಿತ್ತು.

ನಾನು ಹೆಚ್ಚು ಹೊತ್ತು ಕುಳಿತದ್ದು ಹಣದ ಬಳಕೆಯ ಸಾಲುಗಳ ಮೇಲೆ. ಊರಲ್ಲಿ ‘ಅವರಿಗೆ ಲಕ್ಷಗಟ್ಟಲೆ ಬಂತಂತೆ’ ಎಂಬ ಮಾತು ಹರಡಿದರೆ, ಸಿಪ್ಪೆ ತರುವ ಕುಟುಂಬಗಳು ಈ ವರ್ಷ ದರ ಏರುತ್ತದೆ, ಮುಂಗಡ ಸಿಗುತ್ತದೆ ಎಂದು ನಿರೀಕ್ಷಿಸುವುದು ಸಹಜ. ಆದರೆ ನಮ್ಮ ಸಿಪ್ಪೆ ಖರೀದಿ ನಡೆಯುವುದು ಬ್ಯಾಂಕಿನ ಸಾಲದಿಂದ. ಷೇರು ಬಂಡವಾಳದಲ್ಲಿ 24 ಲಕ್ಷ ಹನ್ನೆರಡು ಡ್ರೈಯರ್‌ಗಳಿಗೆ, 10 ಲಕ್ಷ ಹದಿನೆಂಟು ತಿಂಗಳು ಇಬ್ಬರು ತಂತ್ರಜ್ಞರ ಸಂಬಳ ಹಾಗೂ ಓಡಾಟಕ್ಕೆ, 6 ಲಕ್ಷ ತೇವಾಂಶ ಪರೀಕ್ಷೆ ಮತ್ತು ದುರಸ್ತಿಗೆ ಎಂದು ನಿರ್ದೇಶಕರ ಸಭೆಯಲ್ಲಿ ಮೊದಲೇ ಒಪ್ಪಿಗೆಯಾಗಿತ್ತು. ಅಡಿಬರಹದ ಪ್ರತಿಯೊಂದು ಯೋಜನಾ ವಾಕ್ಯವನ್ನೂ ಈ ಮೂರು ಬಾಬತ್ತುಗಳಲ್ಲೊಂದಕ್ಕೆ ಹೊಂದಿಸಿ ನೋಡಿದೆ. ಯಾವುದಕ್ಕೂ ಹೊಂದದ ವಾಕ್ಯ, ಉದಾಹರಣೆಗೆ ‘ಕರಾವಳಿಯಾದ್ಯಂತ ವಿಸ್ತರಿಸಲಿದ್ದೇವೆ’ ಎಂಬುದು, ಹೊರಗೆ ಹೋಯಿತು. ಸೌದೆ ಉಳಿತಾಯದ ಶೇಕಡಾವಾರು ಲೆಕ್ಕವೂ ಹೋಯಿತು, ಏಕೆಂದರೆ ಅದನ್ನು ಅಳೆದದ್ದು ಒಂದೇ ಶೆಡ್ಡಿನಲ್ಲಿ. ಸೌದೆ ಎಷ್ಟು ಹಸಿ ಎಂಬುದರ ಮೇಲೆ ಆ ಅಂಕಿ ಬಹಳ ಬದಲಾಗುತ್ತದೆ.

ಕೃತಜ್ಞತೆಯ ಭಾಗದಲ್ಲಿ ‘ನಮ್ಮ ಕನಸನ್ನು ನಂಬಿದವರು’ ಎಂಬಂಥ ಮಾತು ಬೇಡವೆನಿಸಿತು. ಯಾರು ಏನು ಮಾಡಿದರು ಎಂದು ಹೇಳಿದರೆ ಸಾಕು. ಹೆಸರು ಹಾಕಲು ಪ್ರತಿಯೊಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆದೆ. ಒಬ್ಬರು ಹೆಸರು ಬೇಡವೆಂದದ್ದರಿಂದ, ಮೂವರ ಹೆಸರನ್ನು ಚಿತ್ರದಲ್ಲಿ ಟ್ಯಾಗ್ ಮಾಡಿ, ಪಠ್ಯದಲ್ಲಿ ನಾಲ್ವರೆಂದಷ್ಟೇ ಬರೆದೆ. ಮೊದಲ ಹಂಗಾಮಿನಲ್ಲಿ ಸಿಪ್ಪೆಯನ್ನು ಕಡ ಕೊಟ್ಟವರನ್ನು ಬಿಟ್ಟು ಹೂಡಿಕೆದಾರರಿಗಷ್ಟೇ ಧನ್ಯವಾದ ಹೇಳುವುದು ನನಗೆ ಸರಿ ಕಾಣಲಿಲ್ಲ.

ಮೊಬೈಲಿನಲ್ಲಿ ಮೊದಲ ಒಂದೆರಡು ಸಾಲು ಮಾತ್ರ ಕಾಣಿಸಿ ಉಳಿದದ್ದು ಮಡಚಿಕೊಳ್ಳುವುದರಿಂದ, ಮೊತ್ತವನ್ನೂ ಉದ್ದೇಶವನ್ನೂ ಆರಂಭದಲ್ಲೇ ಇಟ್ಟೆ. ಪ್ರಕಟವಾದದ್ದು ಇದು:

‘ಉಪ್ಪಾಗೆ ಒಣಗಿಸುವ 12 ಡ್ರೈಯರ್‌ಗಳಿಗಾಗಿ ನಾಲ್ವರು ಹೂಡಿಕೆದಾರರಿಂದ ನಮಗೆ 40 ಲಕ್ಷ ರೂಪಾಯಿ ಷೇರು ಬಂಡವಾಳ ಬಂದಿದೆ. ಮುಂದಿನ ಮಳೆಗಾಲಕ್ಕೆ ಮೊದಲು ಇವು ಶಿರಸಿ ಮತ್ತು ಸಿದ್ದಾಪುರ ತಾಲ್ಲೂಕುಗಳಲ್ಲಿ ಸಿದ್ಧವಾಗಬೇಕು. ಉಳಿದ ಹಣ ಇಬ್ಬರು ತಂತ್ರಜ್ಞರಿಗೆ, ತೇವಾಂಶ ಪರೀಕ್ಷೆಗೆ ಮತ್ತು ದುರಸ್ತಿಗೆ. ಸಿಪ್ಪೆಯ ಖರೀದಿ ದರಕ್ಕೂ ಈ ಹಣಕ್ಕೂ ಸಂಬಂಧವಿಲ್ಲ. ದರವನ್ನು ಎಂದಿನಂತೆ ಹಂಗಾಮಿನ ಆರಂಭದಲ್ಲಿ ತಿಳಿಸುತ್ತೇವೆ. ಒಂದು ಶೆಡ್ಡಿನಲ್ಲಿ ಸೌದೆಯ ಬಳಕೆ ಕಡಿಮೆಯಾಗಿದೆ; ಹನ್ನೆರಡರಲ್ಲೂ ಅಳೆದ ನಂತರ ಲೆಕ್ಕವನ್ನು ಇಲ್ಲೇ ಕೊಡುತ್ತೇವೆ. ಶೆಡ್ಡಿಗೆ ಬಂದು ಒಲೆಯ ಮುಂದೆ ಕುಳಿತು ಪ್ರಶ್ನೆ ಕೇಳಿದ ಹೂಡಿಕೆದಾರರಿಗೂ, ಮೊದಲ ಹಂಗಾಮಿನಲ್ಲಿ ಸಿಪ್ಪೆಯನ್ನು ಕಡ ಕೊಟ್ಟ ಕುಟುಂಬಗಳಿಗೂ ಕೃತಜ್ಞತೆಗಳು.’

ಚಿತ್ರಕ್ಕೆ ಕೈಕುಲುಕುವ ಭಂಗಿಯ ಬದಲು ಡ್ರೈಯರಿನ ತಟ್ಟೆಯಲ್ಲಿ ಹರಡಿದ ಸಿಪ್ಪೆಯನ್ನು ಆರಿಸಿದೆವು. ಪ್ರಕಟವಾದ ಮೇಲೂ ದರ ಕೇಳಿ ಕರೆಗಳು ಬಂದವು. ಆದರೆ ಕರೆ ಮಾಡಿದವರಿಗೆ ಅಡಿಬರಹದ ಆ ಸಾಲನ್ನೇ ಓದಿ ಹೇಳಬಹುದಾಗಿತ್ತು. ಎರಡನೆಯ ಕಂತು ಬಂದರೆ ಅದಕ್ಕೂ ಹೊಸ ಷೇರು ಹಂಚಿಕೆ, ಹೊಸ PAS-3, ಬೇರೆಯದೇ ಅಡಿಬರಹ. ಅದರ ಜೊತೆಗೆ ಹನ್ನೆರಡು ಶೆಡ್ಡುಗಳ ಸೌದೆಯ ಲೆಕ್ಕವನ್ನೂ ಹಾಕಬೇಕಾಗುತ್ತದೆ.